ಅಳಿಸಿದ ಕಂಬ, ಸೇರಿಸಿದ ಹಕ್ಕಿ: ಫೋಟೋ ಸ್ಪರ್ಧೆಯ ಮಕ್ಕಳಿಗೆ ಬರೆದ ಪತ್ರ

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಫೋಟೋ ಸ್ಪರ್ಧೆಗೆ ಚಿತ್ರ ಕಳಿಸ್ತಾರೆ. ಚಿತ್ರದಿಂದ ಏನನ್ನಾದರೂ ತೆಗೆದಿದ್ದರೆ ಅಥವಾ ಸೇರಿಸಿದ್ದರೆ ತಿಳಿಸಲೇಬೇಕು ಅಂತ ಅವರಿಗೆ ಪತ್ರ ಬರೀಬೇಕು. ಹೇಗೆ ಬರೆದರೆ ಅವರಿಗೆ ಅರ್ಥ ಆಗುತ್ತೆ?

ನಾನು ಕಾಸರಗೋಡಿನ ಕಡೆ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಫೋಟೋ ಕ್ಲಬ್ಬಿನ ಕೆಲಸವೂ ನನ್ನದೇ. ಪತ್ರದಲ್ಲಿ "ಮೋಸ ಮಾಡಬೇಡಿ" ಎಂದು ಬರೆದರೆ ಅದು ಮಕ್ಕಳಿಗೆ ತಟ್ಟುವುದಿಲ್ಲ. ಯಾಕೆಂದರೆ ತಾವು ಮಾಡಿದ್ದು ಮೋಸ ಅಂತ ಅವರಿಗೆ ಅನಿಸಿರುವುದೇ ಇಲ್ಲ. ಫೋನಿನಲ್ಲಿ ಬೆರಳಿಂದ ಒಂದು ಸುತ್ತು ಹಾಕಿದರೆ ಕಂಬ ಮಾಯ. ಅವರ ಲೆಕ್ಕದಲ್ಲಿ ಅದು ಚಿತ್ರವನ್ನು ಚೊಕ್ಕ ಮಾಡಿದ್ದು, ಅಷ್ಟೇ. ಹಾಗಾಗಿ ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬೇಕಾಗಿಲ್ಲ ಎಂಬ ಗೆರೆಯನ್ನು ಪತ್ರವೇ ಎಳೆದು ತೋರಿಸಬೇಕು. ನಾನು ಕೊಟ್ಟ ಪತ್ರವನ್ನು ಇಲ್ಲಿ ಹಾಕಿದ್ದೇನೆ. ನಿಮ್ಮ ಶಾಲೆಗೆ ಬೇಕಾದಂತೆ ಬದಲಿಸಿಕೊಳ್ಳಿ.

ಪ್ರೀತಿಯ ಮಕ್ಕಳೇ,

ಈ ಸಲ ಸ್ಪರ್ಧೆಗೆ ಕೊಡುವ ಪ್ರತಿ ಫೋಟೋದ ಜೊತೆ ಒಂದು ಹಾಳೆ ಇರಬೇಕು. ಕ್ಯಾಮೆರಾ ಕಂಡ ಯಾವ ವಸ್ತು ಈಗ ಚಿತ್ರದಲ್ಲಿ ಇಲ್ಲ, ಕ್ಯಾಮೆರಾ ಕಾಣದ ಯಾವ ವಸ್ತು ಈಗ ಚಿತ್ರದಲ್ಲಿ ಇದೆ ಎಂದು ಅದರಲ್ಲಿ ಬರೆಯಬೇಕು. ವಸ್ತು ಅಂದರೆ ಮನುಷ್ಯ, ಪ್ರಾಣಿ, ತಂತಿ, ಕಸ, ಮೋಡ, ಚಂದ್ರ ಎಲ್ಲವೂ ಸೇರಿತು. ಅದು ಎಷ್ಟು ಚಿಕ್ಕದು ಎಂಬುದು ಮುಖ್ಯ ಅಲ್ಲ.

"ಟೀಚರ್, ಒಂದು ಪ್ಲಾಸ್ಟಿಕ್ ಚೀಲ ಅಳಿಸಿದ್ರೂ ಹೇಳ್ಬೇಕಾ?" ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಸರಿಯಾಗಿ ಅದೇ ನಡೆದದ್ದಿದೆ. 2012ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಫೋಟೋ ಸ್ಪರ್ಧೆಗೆ ಹ್ಯಾರಿ ಫಿಶ್ ಎಂಬ ಛಾಯಾಗ್ರಾಹಕರು ಒಂದು ಚಿತ್ರ ಕಳಿಸಿದ್ದರು. ವಾರಾಣಸಿಯಲ್ಲಿ ಗಂಗೆಯ ದಡದ ಚಿತ್ರ ಅದು. ಸ್ಥಳಗಳ ವಿಭಾಗದಲ್ಲಿ ಅದಕ್ಕೆ ಮೊದಲ ಸ್ಥಾನವೂ ಸಿಕ್ಕಿತು. ಮೂಲ ಫೈಲಿನ ಜೊತೆ ಹೋಲಿಸಿದಾಗ ಅಂಚಿನಲ್ಲಿದ್ದ ಒಂದು ಚೀಲ ಕಾಣೆಯಾಗಿತ್ತು. ಬಹುಮಾನ ಹೋಯಿತು. ಆ ಚೀಲವನ್ನು ಹಾಗೇ ಬಿಟ್ಟಿದ್ದರೂ, ಅಂಚನ್ನು ಕತ್ತರಿಸಿ ಹೊರಗೆ ಹಾಕಿದ್ದರೂ ತೊಂದರೆ ಇರಲಿಲ್ಲ ಎಂದು ಸಂಪಾದಕರು ಅವರಿಗೆ ತಿಳಿಸಿದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕತ್ತರಿಸಿದರೂ ಚೀಲ ಕಾಣುವುದಿಲ್ಲ, ಅಳಿಸಿದರೂ ಕಾಣುವುದಿಲ್ಲ. ಹಾಗಾದರೆ ವ್ಯತ್ಯಾಸ ಏನು? ಕತ್ತರಿಸಿದಾಗ ನೀವು ತೋರಿಸುವ ಜಾಗ ಚಿಕ್ಕದಾಗುತ್ತದೆ. ಉಳಿದ ಭಾಗ ಅಲ್ಲಿ ಇದ್ದ ಹಾಗೇ ಇರುತ್ತದೆ. ಅಳಿಸಿದಾಗ ಚೀಲ ಇದ್ದ ಜಾಗದಲ್ಲಿ ಬೇರೆ ಏನೋ ಬರಲೇಬೇಕು. ಚೀಲದ ಹಿಂದೆ ಏನಿತ್ತೆಂದು ಕ್ಯಾಮೆರಾ ನೋಡಿಲ್ಲ. ಫೋನು ಅಕ್ಕಪಕ್ಕದ ಬಣ್ಣ, ಗೆರೆ ನೋಡಿ ಊಹಿಸಿ ತುಂಬಿಸುತ್ತದೆ. ಅಂದರೆ ಅಳಿಸಿದ ಪ್ರತಿ ಸಲವೂ ಅಲ್ಲಿ ಇಲ್ಲದ್ದೊಂದನ್ನು ಸೇರಿಸಿದಂತೆಯೇ. ಹಾಗಾಗಿ ಅಂಚು ಕತ್ತರಿಸಿದ್ದನ್ನು, ಬೆಳಕು ಏರಿಸಿದ್ದನ್ನು, ಕಪ್ಪುಬಿಳುಪು ಮಾಡಿದ್ದನ್ನು ಈ ಹಾಳೆಯಲ್ಲಿ ಬರೆಯಬೇಕಾಗಿಲ್ಲ. ಲೆನ್ಸಿನ ಹಿಂದೆ ಸೆನ್ಸರಿನ ಮೇಲೆ ಕೂತ ದೂಳಿನ ಚುಕ್ಕೆ ತೆಗೆದದ್ದನ್ನೂ ಬರೆಯಬೇಡಿ. ಆ ಚುಕ್ಕೆ ಕ್ಯಾಮೆರಾದ ಒಳಗಿನದು, ನದಿಯ ದಡದ್ದಲ್ಲ.

ಈಗ ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದ ಚಂದ್ರಗಿರಿ ಹೊಳೆಯ ಚಿತ್ರ ನೆನಪು ಮಾಡಿಕೊಳ್ಳಿ. ಬೆಳಗಿನ ಹೊತ್ತು, ನೀರು ನಿಶ್ಚಲ, ಒಂದು ದೋಣಿ, ಬಲೆ ಬೀಸುವವರೊಬ್ಬರು. ಎದುರು ದಡದಲ್ಲಿ ತೆಂಗಿನ ಮರಗಳ ನಡುವೆ ಒಂದು ಕರೆಂಟು ಕಂಬ ಇತ್ತು. ನಿಮಗೆ ತೋರಿಸಲೆಂದೇ ಅದನ್ನೂ ಅದರ ತಂತಿಗಳನ್ನೂ ಫೋನಿನಲ್ಲಿ ಅಳಿಸಿದ್ದೆ. ಮೊದಲು ನೋಡಿದಾಗ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು "ನೀರಲ್ಲಿ ಕಂಬ ಇದೆ ಟೀಚರ್" ಎಂದಳು. ದಡದ ಕಂಬ ಹೋಗಿತ್ತು, ಅದರ ಪ್ರತಿಬಿಂಬ ನೀರಿನಲ್ಲಿ ಹಾಗೇ ಉಳಿದಿತ್ತು. ತೀರ್ಪುಗಾರರೂ ಇಂಥದ್ದನ್ನು ಹುಡುಕುತ್ತಾರೆ. ವಸ್ತು ಇಲ್ಲ, ಅದರ ನೆರಳು ಇದೆ. ಅಥವಾ ವಸ್ತು ಇದೆ, ನೆರಳು ಇಲ್ಲ.

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಕಂಬ ಇದ್ದ ಜಾಗದಲ್ಲಿ ಒಂದು ತೆಂಗಿನ ಗರಿ, ಅದರ ಪಕ್ಕದಲ್ಲೇ ಅಚ್ಚು ಹಾಕಿದಂತೆ ಇನ್ನೊಂದು ಗರಿ. ಒಂದೇ ಕಡೆ ಬಾಗಿ, ಒಂದೇ ಕಡೆ ಸೀಳಿದ ಎರಡು ಗರಿಗಳು ಮರದಲ್ಲಿ ಇರುವುದಿಲ್ಲ ಅಲ್ವಾ? ತಂತಿ ಹಾದುಹೋದ ಆಕಾಶದ ಪಟ್ಟಿಯೂ ಸುತ್ತಲಿನದಕ್ಕಿಂತ ಜಾಸ್ತಿ ನುಣುಪಾಗಿತ್ತು. ಕಡಿಮೆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಎಲ್ಲ ಕಡೆ ಸಣ್ಣ ಮರಳಿನಂಥ ಕಾಳು ಇರುತ್ತದೆ. ತುಂಬಿಸಿದ ಜಾಗದಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ.

ಇಷ್ಟು ಕೇಳಿ "ಹಾಗಾದರೆ ಪ್ರತಿಬಿಂಬವನ್ನೂ ಅಳಿಸಿದರಾಯ್ತು" ಎಂದು ನಗಬೇಡಿ. ಚೆನ್ನಾಗಿ ಅಳಿಸಿದರೆ ಕಣ್ಣಿಗೆ ಕಾಣದೇ ಇರಬಹುದು, ನಿಜ. ಅದಕ್ಕೇ ದೊಡ್ಡ ಸ್ಪರ್ಧೆಗಳು ಕೊನೆಯ ಸುತ್ತಿನಲ್ಲಿ ಮೂಲ ಫೈಲನ್ನೇ ಕೇಳುತ್ತವೆ. 2010ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರುದಿಕ್ ಅವರ ಬಹುಮಾನ ಹೋದದ್ದು ಹಿನ್ನೆಲೆಯಲ್ಲಿದ್ದ ಒಬ್ಬರ ಪಾದದ ಚೂರನ್ನು ಅಳಿಸಿದ್ದಕ್ಕೆ. ಅವರು ಚಿತ್ರವನ್ನು ತುಂಬಾ ಕತ್ತರಿಸಿದ್ದರು, ಕಪ್ಪುಬಿಳುಪು ಮಾಡಿದ್ದರು. ಅದಕ್ಕೆ ಬಹುಮಾನ ಹೋಗಲಿಲ್ಲ. ಪಾದದ ಚೂರಿಗೆ ಹೋಯಿತು.

ಸೇರಿಸುವುದರ ವಿಷಯಕ್ಕೆ ಬರುತ್ತೇನೆ. ಬೋಳು ಆಕಾಶ ತೆಗೆದು ಕೆಂಪು ಮೋಡದ ಆಕಾಶ ಕೂರಿಸಿದ್ದು, ಇದ್ದ ಒಂದು ಬೆಳ್ಳಕ್ಕಿಯನ್ನು ನಕಲು ಮಾಡಿ ಮೂರು ಮಾಡಿದ್ದು, ಬೇರೆ ದಿನದ ಚಂದ್ರನನ್ನು ಬೇಕಲ ಕೋಟೆಯ ಬುರುಜಿನ ಮೇಲೆ ಇಟ್ಟದ್ದು ಎಲ್ಲವನ್ನೂ ಬರೆಯಬೇಕು. ಆದರೆ ಸಾಫ್ಟ್‌ವೇರ್ ಇಲ್ಲದೆಯೂ ಸೇರಿಸಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಒಂದು ಚಿತ್ರ ಇತ್ತು. ಬ್ರೆಜಿಲಿನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ರಾತ್ರಿ ಮಿನುಗುವ ಹುತ್ತ, ಅದರ ಬುಡದಲ್ಲಿ ಇರುವೆ ತಿನ್ನುವ ಒಂದು ಪ್ರಾಣಿ. ಆ ಪ್ರಾಣಿ ಹುಲ್ಲು ತುಂಬಿಟ್ಟ ಬೊಂಬೆಯಂಥದ್ದು, ಜೀವಂತ ಅಲ್ಲ ಎಂಬ ದೂರು ಬಂತು. ತಜ್ಞರು ಆ ಉದ್ಯಾನದಲ್ಲಿ ಇಟ್ಟಿದ್ದ ಅಂಥದೇ ಒಂದು ಬೊಂಬೆಯ ಗುರುತು, ರೋಮದ ಕುಚ್ಚು, ನಿಂತ ಭಂಗಿ ಹೋಲಿಸಿ ನೋಡಿದರು. 2018ರಲ್ಲಿ ಬಹುಮಾನ ವಾಪಸಾಯಿತು. ಚಿತ್ರ ತೆಗೆದವರು ಆರೋಪವನ್ನು ಒಪ್ಪಲಿಲ್ಲ. ನೀವು ಗಮನಿಸಬೇಕಾದ್ದು ಒಂದೇ: ಕ್ಯಾಮೆರಾದ ಮುಂದೆ ತಂದಿಟ್ಟ ವಸ್ತು ಮೂಲ ಫೈಲಿನಲ್ಲೂ ಇರುತ್ತದೆ. ಹಾಗಾಗಿ ಅದನ್ನು ನೀವೇ ಹೇಳದಿದ್ದರೆ ಫೈಲು ಹೇಳುವುದಿಲ್ಲ. ಬಾಳೆಹಣ್ಣು ಇಟ್ಟು ಅಳಿಲನ್ನು ಕರೆದಿದ್ದರೆ ಅದನ್ನೂ ಬರೆಯಿರಿ. ಹೂ ಕಿತ್ತು ತಂದು ಇಟ್ಟಿದ್ದರೆ ಅದನ್ನೂ.

ಯಕ್ಷಗಾನದ ಚೌಕಿಯ ಚಿತ್ರ ತೆಗೆದವರಿಗೆ ಒಂದು ಮಾತು. ವೇಷಧಾರಿ ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ, ಹಿಂದೆ ನೀಲಿ ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಚಾರ್ಜಿಗೆ ಹಾಕಿದ ಮೊಬೈಲು. ಅವನ್ನು ಅಳಿಸಿದರೆ ಚಿತ್ರ ಹಳೆಯ ಕಾಲದ್ದು ಅನಿಸುತ್ತದೆ, ಅಂದವೂ ಅನಿಸಬಹುದು. ಆದರೆ ಅದನ್ನು ನೋಡಿದವರು ಈಗಿನ ಚೌಕಿ ಹೀಗೇ ಇದೆ ಎಂದು ನಂಬುತ್ತಾರೆ. ನಂಬುವವರಿಗೆ ಕುರ್ಚಿಯ ವಿಷಯ ಹೇಳಲೇಬೇಕು. ನನ್ನನ್ನು ಕೇಳಿದರೆ ಆ ಕುರ್ಚಿ ಇರಲಿ ಎನ್ನುತ್ತೇನೆ.

ಬೇಕಲದಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಕಪ್ಪು ಫಿಲ್ಟರ್ ಹಾಕಿ, ಶಟರ್ 30 ಸೆಕೆಂಡ್ ತೆರೆದಿಟ್ಟರೆ ನಡೆದಾಡುವ ಜನ ಚಿತ್ರದಲ್ಲಿ ಮೂಡುವುದೇ ಇಲ್ಲ. ಅದು ಜನರನ್ನು ಅಳಿಸಿದಂತೆ ಅಲ್ಲ. ಒಂದೇ ಸಲದಲ್ಲಿ ಕ್ಯಾಮೆರಾ ದಾಖಲಿಸಿದ್ದು ಅದು. ಆದರೆ ಹತ್ತಾರು ಫೋಟೋ ತೆಗೆದು, ಸಾಫ್ಟ್‌ವೇರಿನಲ್ಲಿ ಜೋಡಿಸಿ ಜನರನ್ನು ಮಾಯ ಮಾಡಿದರೆ ಅದು ಅಳಿಸಿದಂತೆಯೇ. ಸಂಶಯ ಬಂದರೆ ಬರೆದುಬಿಡಿ. ಬರೆದದ್ದು ಜಾಸ್ತಿಯಾದರೆ ಯಾರೂ ಅಂಕ ಕಳೆಯುವುದಿಲ್ಲ.

ಹಾಳೆಯಲ್ಲಿ "ಸ್ವಲ್ಪ ಎಡಿಟ್ ಮಾಡಿದ್ದೇನೆ" ಎಂದು ಬರೆದರೆ ಸಾಲದು. ಹೊಳೆಯ ಚಿತ್ರಕ್ಕೆ ನಾನಾದರೆ ಹೀಗೆ ಬರೆಯುತ್ತಿದ್ದೆ: "ತೆಗೆದದ್ದು: ಎದುರು ದಡದಲ್ಲಿ, ಚಿತ್ರದ ಎಡಭಾಗದಲ್ಲಿದ್ದ ಒಂದು ಕರೆಂಟು ಕಂಬ ಮತ್ತು ಅದರ ತಂತಿಗಳು. ನೀರಿನಲ್ಲಿದ್ದ ಪ್ರತಿಬಿಂಬ ತೆಗೆದಿಲ್ಲ. ಸೇರಿಸಿದ್ದು: ಕಂಬ, ತಂತಿ ಇದ್ದ ಜಾಗದಲ್ಲಿ ಫೋನು ತುಂಬಿಸಿದ್ದು ಬಿಟ್ಟರೆ ಏನೂ ಇಲ್ಲ. ಬಳಸಿದ್ದು: ಫೋನಿನ ಅಳಿಸುವ ಸಾಧನ. ಮೂಲ ಫೈಲ್ ನನ್ನ ಬಳಿ ಇದೆ." ಏನು, ಎಲ್ಲಿ, ಹೇಗೆ, ಮೂಲ ಎಲ್ಲಿದೆ. ಇಷ್ಟು ಓದಿದವರು ಎರಡೂ ಚಿತ್ರ ಪಕ್ಕಪಕ್ಕ ಇಟ್ಟರೆ ಬೇರೆ ಯಾವ ವ್ಯತ್ಯಾಸವೂ ಸಿಗಬಾರದು.

ಕೊನೆಯದಾಗಿ, ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ನಮ್ಮ ಶಾಲೆಯ ಸ್ಪರ್ಧೆಯಲ್ಲಿ ಬದಲಿಸಿದ ಚಿತ್ರಗಳಿಗೆ ಬೇರೆ ವಿಭಾಗ ಇದೆ. ಹೇಳಿದವರ ಚಿತ್ರ ಅಲ್ಲಿಗೆ ಹೋಗುತ್ತದೆ, ಬಹುಮಾನವೂ ಉಂಟು. ಹೊರಗಿನ ಕೆಲವು ಸ್ಪರ್ಧೆಗಳಲ್ಲಿ ತೆಗೆಯುವುದಕ್ಕೂ ಸೇರಿಸುವುದಕ್ಕೂ ಅವಕಾಶವೇ ಇಲ್ಲ. ಅಲ್ಲಿಗೆ ಅಂಥ ಚಿತ್ರ ಕಳಿಸಲೇಬೇಡಿ, ಅಳಿಸುವ ಮೊದಲಿನ ಚಿತ್ರ ಕಳಿಸಿ. ಕೊನೆಯ ದಿನದ ಒಳಗೆ ಬಂದು "ಟೀಚರ್, ಹಾಳೆಯಲ್ಲಿ ಒಂದು ಬಿಟ್ಟುಹೋಗಿದೆ" ಎಂದರೆ ತಿದ್ದಿಕೊಡುತ್ತೇನೆ, ಬೈಯುವುದಿಲ್ಲ.

ನಿಮ್ಮ ಟೀಚರ್

ಪತ್ರ ಇಷ್ಟು. ಇದನ್ನು ಕೊಡುವ ಮೊದಲು ನೀವೇ ಒಂದು ಚಿತ್ರದಲ್ಲಿ ಏನಾದರೂ ಅಳಿಸಿ ಮಕ್ಕಳಿಂದ ಹುಡುಕಿಸಿ. ಆ ತರಗತಿ ಆದಮೇಲೆ ಪತ್ರ ಓದಿದರೆ ಅವರಿಗೆ ಪ್ರತಿ ಸಾಲೂ ಗೊತ್ತಾಗುತ್ತದೆ.

ಇನ್ನೆರಡು ವಿಷಯ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಅಪ್ಪನದೋ ಅಕ್ಕನದೋ ಆಗಿರುತ್ತದೆ, ಚಿತ್ರ ಬರುವುದು ವಾಟ್ಸಾಪಿನಲ್ಲಿ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಯಾವಾಗ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಫೈಲು ಇದ್ದಂತೆಯೇ ಬರುತ್ತದೆ. ಎಡಿಟ್ ಮಾಡುವ ಮೊದಲು ಒಂದು ನಕಲು ಬೇರೆ ಇಟ್ಟುಕೊಳ್ಳಲೂ ಹೇಳಿ. ಕೆಲವು ಫೋನುಗಳಲ್ಲಿ ಸೇವ್ ಒತ್ತಿದರೆ ಹೊಸ ಚಿತ್ರ ಹಳೆಯದರ ಜಾಗದಲ್ಲೇ ಕೂರುತ್ತದೆ.

ಹಾಳೆಯಲ್ಲಿ ಯಾವ ಸಾಲನ್ನೂ ಖಾಲಿ ಬಿಡಲು ಬಿಡಬೇಡಿ. ಏನೂ ತೆಗೆದಿಲ್ಲದಿದ್ದರೆ "ಏನೂ ಇಲ್ಲ" ಎಂದು ಮಗುವೇ ತನ್ನ ಕೈಯಲ್ಲಿ ಬರೆಯಲಿ. ಖಾಲಿ ಬಿಟ್ಟರೆ ಮರೆತದ್ದೋ ಮುಚ್ಚಿಟ್ಟದ್ದೋ ಎಂದು ಆಮೇಲೆ ತಿಳಿಯುವುದಿಲ್ಲ.