ಹಳೇ ಫೋಟೋದ ಜೇನುಗೂಡಿನ ಗುರುತು ತೆಗೆಯುವ ಬಗೆ

"ಅಮ್ಮನ ಮದುವೆ ಫೋಟೋ ಸ್ಕ್ಯಾನ್ ಮಾಡಿದೆ, ಶಿಡ್ಲಘಟ್ಟದಲ್ಲಿ ತೆಗೆಸಿದ್ದು. ಕಾಗದದ ಮೇಲೆ ಜೇನುಗೂಡಿನ ಥರ ಉಬ್ಬು ಇದೆ. ಮುಖದ ತುಂಬಾ ಅದೇ ಕಾಣುತ್ತೆ. ತೆಗೆಯಬಹುದಾ?"

ತೆಗೆಯಬಹುದು ಅಕ್ಕ. ಚಿಂತಾಮಣಿಯ ನಮ್ಮ ಮನೆ ಆಲ್ಬಮ್ಮಿನಲ್ಲೂ ಇದೇ ಕಾಗದ. ನನಗಿಂತ ಮೊದಲು ಉತ್ತರ ಬರೆದ ಅಣ್ಣ ಬ್ಲರ್ ಮಾಡಿ ಅಂದರು. ಉಬ್ಬು ಹೋಗುತ್ತೆ ನಿಜ, ಆದರೆ ಕಣ್ಣಿನ ರೆಪ್ಪೆಯೂ ಅದರ ಜೊತೆಗೇ ಹೋಗುತ್ತೆ.

ಮೊದಲು 600 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿ. ಚಿಕ್ಕದು ಮಾಡಬೇಡಿ, ಓರೆ ಇದ್ದರೂ ತಿರುಗಿಸಬೇಡಿ. ಅವೆಲ್ಲ ಕೊನೆಗೆ. ImageJ ಅನ್ನೋ ಚಿತ್ರ ತಿದ್ದುವ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಅದರಲ್ಲಿ ಫೋಟೋ ತೆರೆದು `Image > Type > 8-bit`, ಆಮೇಲೆ `Process > FFT > FFT` ಒತ್ತಿ. ಕಪ್ಪು-ಬೂದು ಚಿತ್ರವೊಂದು ಬರುತ್ತೆ, ಅದೇ ಎಫ್‌ಎಫ್‌ಟಿ. ಫೋಟೋದಲ್ಲಿ ಸಮ ಅಂತರದಲ್ಲಿ ಮತ್ತೆ ಮತ್ತೆ ಬರುವುದೆಲ್ಲ ಇಲ್ಲಿ ಚುಕ್ಕೆಯಾಗಿ ಕಾಣುತ್ತೆ. ನಡುವಿನ ಬೆಳಕೇ ನಿಮ್ಮ ಫೋಟೋದ ಜೀವ, ಅದನ್ನು ಮುಟ್ಟಬೇಡಿ. ಅದರ ಸುತ್ತ ಆರು ಮೂಲೆಯಲ್ಲಿ ಆರು ಬಿಳಿ ಚುಕ್ಕೆ ಕಾಣುತ್ತವಲ್ಲ, ಅವೇ ಜೇನುಗೂಡು. ನನ್ನ ಫೋಟೋದಲ್ಲಿ ಉಬ್ಬಿನ ಸಾಲುಗಳು 12 ಪಿಕ್ಸೆಲ್‌ಗೆ ಒಂದರಂತೆ ಇದ್ದವು. ಎಫ್‌ಎಫ್‌ಟಿ ಚಿತ್ರ 2048 ಪಿಕ್ಸೆಲ್ ಅಗಲ. ಅದನ್ನು 12ರಿಂದ ಭಾಗಿಸಿದರೆ ಸುಮಾರು 171. ನಡುವಿನಿಂದ ಅಷ್ಟೇ ದೂರದಲ್ಲಿ ಚುಕ್ಕೆ ಸಿಕ್ಕವು. ಇನ್ನೂ ಆಚೆ ಮಂಕಾದ ಚುಕ್ಕೆಗಳೂ ಇರಬಹುದು.

ನಾನು ಎಡವಿದ್ದು ಇಲ್ಲಿ. ಸೀರೆಯ ಜರಿ ಅಂಚಿನ ಪಟ್ಟಿಗಳೂ ಸಮ ಅಂತರದವು, ಅವೂ ಚುಕ್ಕೆ ಬಿಡುತ್ತವೆ! ಅದನ್ನೂ ಅಳಿಸಿ ಅಂಚು ಬೋಳು ಮಾಡಿಬಿಟ್ಟೆ. ಈಗ ಸ್ಟುಡಿಯೋದ ಖಾಲಿ ಪರದೆ ಇರುವ ಕಡೆ 512ರ ಚೌಕ ಗುರುತು ಮಾಡಿ, ಅದಕ್ಕೆ ಮಾತ್ರ ಮೊದಲು ಎಫ್‌ಎಫ್‌ಟಿ ಹಾಕುತ್ತೇನೆ. ಅಲ್ಲಿ ಕಾಣುವುದು ಬರೀ ಕಾಗದದ ಚುಕ್ಕೆ. ದಿಕ್ಕು ಅದೇ, 2048 ಅಂದರೆ 512ರ ನಾಲ್ಕರಷ್ಟು, ಹಾಗಾಗಿ ದೂರವನ್ನೂ ನಾಲ್ಕರಷ್ಟು ಮಾಡಿಕೊಂಡರೆ ಪೂರ್ತಿ ಚಿತ್ರದಲ್ಲಿ ಜಾಗ ಗೊತ್ತಾಗುತ್ತೆ.

ಆ ಚುಕ್ಕೆಗಳಿಗೆ ಮಾತ್ರ ಸಣ್ಣ ದುಂಡು ಗುರುತು ಹಾಕಿ ಕಪ್ಪು ತುಂಬಿ. ಎದುರುಬದುರು ಎರಡನ್ನೂ ತುಂಬಬೇಕು. ಆಮೇಲೆ `Process > FFT > Inverse FFT`. ದುಂಡು ದೊಡ್ಡದಾದರೆ ಕಿವಿ, ಕಾಲರ್ ಅಂಚಿನಲ್ಲಿ ಅಲೆ ಅಲೆ ಏಳುತ್ತೆ. ಆಗ ಚಿಕ್ಕದು ಮಾಡಿ. ಕೊನೆಗೆ `Process > Image Calculator` ತೆರೆದು `Difference` ಆರಿಸಿ ಹಳೇದು ಹೊಸದು ಕಳೆದು ನೋಡಿ. ಬರೀ ಜೇನುಗೂಡು ಉಳಿದರೆ ಸರಿ. ಮೂಗು ಕಣ್ಣು ಕಂಡರೆ ಜಾಸ್ತಿ ತೆಗೆದಿದ್ದೀರಿ ಅಂತ.

ಬಾಗೇಪಲ್ಲಿ ಮೇಷ್ಟ್ರೇ, ಫೋಟೋ ತಲೆಕೆಳಗೆ ಮಾಡಿ ಎರಡನೇ ಸಲ ಸ್ಕ್ಯಾನ್ ಮಾಡಿ ಸೇರಿಸೋ ನಿಮ್ಮ ಉಪಾಯವೂ ಒಳ್ಳೆಯದೇ. ಉಬ್ಬಿನ ನೆರಳು ಅತ್ತಿತ್ತ ಬಿದ್ದು ತಗ್ಗುತ್ತೆ. ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸೋದೇ ನನಗೆ ಇನ್ನೂ ಬಂದಿಲ್ಲ. ಗೌರಿಬಿದನೂರಿನ ತಮ್ಮಾ, ಪತ್ರ ಸ್ಕ್ಯಾನ್ ಮಾಡಿದರೆ ಒಂದೇ ಉದ್ದ ಗೆರೆ ಬರುತ್ತೆ ಅಂದೆಯಲ್ಲ, ಅದು ಬೇರೆ ವಿಷಯ, ಅದಕ್ಕೆ ಇದು ಆಗಲ್ಲ. ಸ್ಕ್ಯಾನರಿನಲ್ಲಿ ಕಾಗದವನ್ನು ತಾನೇ ಒಳಗೆ ಎಳೆಯುವ ಫೀಡರಿನ ಸಣ್ಣ ಗಾಜಿನ ಪಟ್ಟಿ ಒರೆಸಿ ನೋಡು.

ಅಕ್ಕ, ಚುಕ್ಕೆಗಳು ಹರಡಿದ ಹಾಗೆ ಕಂಡರೆ ಫೋಟೋ ಬಾಗಿದೆ ಅಂತ ಅರ್ಥ. ಗಾಜಿಗೆ ಚಪ್ಪಟೆಯಾಗಿ ಒತ್ತಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಖಾಲಿ ಪರದೆಯ ಎಫ್‌ಎಫ್‌ಟಿ ಇಲ್ಲಿ ಹಾಕಿ.