ಫೂಟಿಂಗ್ ಲೆಕ್ಕಕ್ಕೆ ಸರಾಸರಿ ಸೈಜ್ ಹಿಡಿಬೇಡಿ

"30x40 ಸೈಟು, 12 ಕಾಲಂ. ಮೂಲೆ 4 ಫೂಟಿಂಗ್ 4x4, ಸೈಡಿನ 6 ಫೂಟಿಂಗ್ 5x5, ನಡುವಿನ 2 ಫೂಟಿಂಗ್ 7x7. ಆಳ 15, 18, 21 ಇಂಚು. ಸರಾಸರಿ 5x5, ಒಂದೂವರೆ ಅಡಿ ಹಿಡಿದು 12ರಿಂದ ಗುಣಿಸಿ 450 ಸಿಎಫ್‌ಟಿ ರೆಡಿಮಿಕ್ಸ್ ಹೇಳ್ಲಾ?"

ಸರ್, ಹೇಳ್ಬೇಡಿ, ನಾನೂ ಹಿಂಗೇ ಮಾಡಿ ಪೆಟ್ಟು ತಿಂದಿದೀನಿ. ಉದ್ದದ ಸರಾಸರಿ ತಗೊಂಡು ಆಮೇಲೆ ವರ್ಗ ಮಾಡಿದ್ರೆ ಯಾವಾಗ್ಲೂ ಕಮ್ಮಿನೇ ಬರುತ್ತೆ, ಮೇಲಾಗಿ ದೊಡ್ಡ ಫೂಟಿಂಗಿಗೇ ಆಳನೂ ಜಾಸ್ತಿ. ಒಂದೊಂದು ಸೈಜೂ ಬೇರೆ ಮಾಡಿ ನೋಡಿ: 4x4 ಒಂದಕ್ಕೆ 20, ನಾಲ್ಕಕ್ಕೆ 80. 5x5 ಒಂದಕ್ಕೆ 37.5, ಆರಕ್ಕೆ 225. 7x7 ಒಂದಕ್ಕೆ 85.75, ಎರಡಕ್ಕೆ 171.5. ಒಟ್ಟು 476.5, ಅಂದ್ರೆ 13.5 ಕ್ಯೂಬಿಕ್ ಮೀಟರ್. ನಿಮ್ಮ ಲೆಕ್ಕದಲ್ಲಿ 26 ಸಿಎಫ್‌ಟಿ ಮೇಲೆ ಸಾಲಲ್ಲ, ಕೊನೆಗೆ 7x7 ಉಳಿಸ್ಕೊಂಡ್ರೆ ಅದು ಆರೂವರೆ ಇಂಚು ಖಾಲಿ ನಿಲ್ಲುತ್ತೆ.

ನಮ್ಮಲ್ಲಿ ಆಗಿದ್ದು ಅದೇ. ಸಂಜೆ ಆಗೋಗಿತ್ತು, ಇನ್ನೊಂದು ಗಾಡಿ ಬರಲ್ಲ ಅಂದ್ರು, ಮೇಸ್ತ್ರಿ ಬೆಳಿಗ್ಗೆ ಸೈಟಲ್ಲೇ ಕಲಸಿ ತುಂಬಿಸಿದ್ರು. ಶಟರಿಂಗ್ ತೆಗೆದ್ರೆ ಸುತ್ತಲೂ ದಾರ ಎಳೆದಂಗೆ ಗೆರೆ, ಒಂದು ಕಡೆ ಸ್ಕ್ರೂಡ್ರೈವರ್ ತುದಿನೇ ಒಳಗೆ ಹೋಯ್ತು. ಇಂಜಿನಿಯರ್ ಒಡೆಸಿಬಿಟ್ರು, ಕಂಬಿ ಬಿಡಿಸೋಕೇ ಎರಡು ದಿನ.

ಅದಕ್ಕೇ ಹೇಳ್ತೀನಿ, ಡ್ರಾಯಿಂಗ್ ಲೆಕ್ಕ ಬರೀ ಶುರು ಅಷ್ಟೇ. ಬೆಡ್ ಕಾಂಕ್ರೀಟ್ ಆದ್ಮೇಲೆ ಒಂದೊಂದು ಗುಂಡಿಗೂ ಟೇಪ್ ಹಿಡೀರಿ. ಶಟರಿಂಗ್ ಇಲ್ದೆ ಮಣ್ಣಿಗೇ ಸುರಿಯೋದಾದ್ರೆ ಸುತ್ತ ಒಂದೂವರೆ ಇಂಚು ಉದುರಿದ್ರೂ 5x5 ಗುಂಡಿ 37.5 ಅಲ್ಲ, 41 ದಾಟುತ್ತೆ. ಆರೂ ಹಂಗೇ ಆದ್ರೆ 23 ಸಿಎಫ್‌ಟಿ ಮತ್ತೆ ಸಾಲಲ್ಲ. ಬೆಡ್ ಕಾಂಕ್ರೀಟ್ ಇದಕ್ಕೆ ಸೇರಿಸ್ಬೇಡಿ, ಅದರ ಮಿಕ್ಸೇ ಬೇರೆ. ಕಂಬಿ ಜಾಗ ಕಳೀಬೇಡಿ.

ಮೇಲೆ ಒಬ್ರು 1.54ರಿಂದ ಗುಣಿಸಿ ಅಂದಿದಾರೆ. ಸೈಟಲ್ಲಿ ಕಲಸೋಕೆ ಸಿಮೆಂಟು, ಮರಳು, ಜಲ್ಲಿ ತರ್ಸೋ ಲೆಕ್ಕಕ್ಕೆ ಅದು ಸರಿ, ರೆಡಿಮಿಕ್ಸಿಗೆ ಹಾಕಿದ್ರೆ ಒಂದು ಗಾಡಿಗಿಂತ ಜಾಸ್ತಿನೇ ರೋಡಲ್ಲಿ ಸುರೀಬೇಕು. ರಾಫ್ಟ್ ಹಾಕಿ ಅಂದ ಅಣ್ಣನಿಗೆ, ಅವರು ಕೇಳಿದ್ದು ಅದಲ್ಲ, ಮಣ್ಣು ನೋಡಿ ಇಂಜಿನಿಯರ್ ಹೇಳ್ಬೇಕಾದ್ದು ಅದು.

ವೇಸ್ಟೇಜ್ ನಾನು 3% ಹಿಡೀತೀನಿ, ನಮ್ಮ ಮೇಸ್ತ್ರಿ 5 ಬೇಕೇಬೇಕು ಅಂತಾರೆ, ಇಬ್ಬರಿಗೂ ಇನ್ನೂ ಒಪ್ಪಿಗೆ ಆಗಿಲ್ಲ. ಗಾಡಿ 6 ಕ್ಯೂಬಿಕ್ ಮೀಟರಿಂದಾದ್ರೆ ಎರಡು ಪೂರ್ತಿ ಹೇಳಿ, ಎರಡನೇದು ಖಾಲಿ ಆಗ್ತಿರೋವಾಗ್ಲೇ ಉಳಿದ ಗುಂಡಿ ಅಳೆದು ಮೂರನೇದಕ್ಕೆ ಎಷ್ಟು ಅಂತ ಫೋನ್ ಮಾಡಿ. ಇಷ್ಟು ಚಿಕ್ಕ ಲೋಡಿಗೆ ಕಳಿಸ್ತಾರಾ, ರೇಟ್ ಎಷ್ಟು ಅಂತ ಮಾತ್ರ ಮೊದಲೇ ಮಾತಾಡ್ಕೊಳ್ಳಿ. ಸುರಿಯೋದು 7x7ರಿಂದ ಶುರು, 4x4 ಕೊನೆಗೆ, ಒಂದು ಗುಂಡಿ ತುಂಬಿದ್ಮೇಲೇ ಇನ್ನೊಂದಕ್ಕೆ ಕೈ. ಆಗ ಸಾಲ್ದೇ ಬಂದ್ರೂ ಕೊನೆ 4x4 ಶುರು ಮಾಡ್ದೆ ಪೂರ್ತಿ ಉಳಿಸ್ಬಹುದು, ಅದಕ್ಕೆ ನಾಲ್ಕೂವರೆ ಐದು ಮೂಟೆ ಸಿಮೆಂಟು, ಮಿಕ್ಸರ್ ತರ್ಸಿ ಒಂದೇ ಸಲ ಮುಗಿಸ್ಬಹುದು. ಆ ಸಿಮೆಂಟು ಅಲ್ಟ್ರಾಟೆಕ್ ಆಗ್ಲಿ ರಾಮ್ಕೊ ಆಗ್ಲಿ ನನಗೆ ಎರಡೂ ಒಂದೇ, ಮೂಟೆ ಮೇಲಿನ ತಯಾರಿ ವಾರ ನೋಡಿ ತಗೊಳ್ಳಿ.

ನಿಮ್ಮದು ಸ್ಲೋಪ್ ಫೂಟಿಂಗ್ ಆಗಿದ್ರೆ ಈ ಲೆಕ್ಕ ನಡೆಯಲ್ಲ, ಸೆಕ್ಷನ್ ಫೋಟೋ ಹಾಕಿ.