40 ಜಿಬಿ ಫೈಲ್, 8 ಜಿಬಿ ಮೆಮೊರಿ: ಕ್ವಿಕ್‌ಸಾರ್ಟೋ, ಮರ್ಜ್ ಸಾರ್ಟೋ?

*"ನನ್ನ ಹತ್ರ 40 ಜಿಬಿ ಟೆಕ್ಸ್ಟ್ ಫೈಲ್ ಇದೆ, ಕಂಪ್ಯೂಟರಲ್ಲಿ 8 ಜಿಬಿ ಮೆಮೊರಿ. ಕ್ವಿಕ್‌ಸಾರ್ಟೇ ಫಾಸ್ಟ್ ಅಂತ ಕಾಲೇಜಲ್ಲಿ ಕಲಿತಿದ್ದೆ. ಆದ್ರೆ ಇಷ್ಟು ದೊಡ್ಡ ಫೈಲಿಗೆ ಎಲ್ರೂ ಮರ್ಜ್ ಸಾರ್ಟ್ ಅಂತಾರೆ. ಯಾಕೆ?"*

ನನ್ನ ಕೈಗೂ ಇದೇ ಗಾತ್ರದ ಫೈಲ್ ಒಂದು ಬಂದಿತ್ತು. ನಾನು ಮೊದಲು ಕ್ವಿಕ್‌ಸಾರ್ಟನ್ನೇ ಹಚ್ಚಿದೆ. ಅಲ್ಲಿ ಏನಾಯಿತು ಎನ್ನುವುದರಿಂದಲೇ ಶುರು ಮಾಡುತ್ತೇನೆ.

ನಮ್ಮೂರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಇಲ್ಲಿನ ಒಂದು ವಾಚನಾಲಯದವರು ಹಳೆಯ ಕನ್ನಡ ಮತ್ತು ಮಲಯಾಳಂ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ, ಅಕ್ಷರಕ್ಕೆ ಇಳಿಸಿ ಇಟ್ಟಿದ್ದರು. ಯಾವ ಪದ ಯಾವ ಪುಸ್ತಕದಲ್ಲಿ, ಯಾವ ಪುಟದಲ್ಲಿ ಬಂದಿದೆ ಅಂತ ಹುಡುಕಲು ಒಂದು ಪದಸೂಚಿ ಬೇಕಿತ್ತು. ಒಂದು ಸಾಲಿನಲ್ಲಿ ಒಂದು ಪದ, ಪುಸ್ತಕದ ನಂಬರ್, ಪುಟ, ಮತ್ತೆ ಅದರ ಅಕ್ಕಪಕ್ಕದ ಕೆಲವು ಪದಗಳು. ಯುಟಿಎಫ್-8ರಲ್ಲಿ ‘ಕ’ ಬರೆಯಲು 3 ಬೈಟ್, ‘ಕಿ’ ಬರೆಯಲು 6 ಬೈಟ್ ಬೇಕು. ಹಾಗಾಗಿ ಸಾಲು ಸರಾಸರಿ 200 ಬೈಟ್ ಆಗುತ್ತಿತ್ತು. ಅಂಥ ಸುಮಾರು 20 ಕೋಟಿ ಸಾಲು. ಕಂಪ್ಯೂಟರ್ ಹಳೆಯದು, 8 ಜಿಬಿ ಮೆಮೊರಿ, ತಿರುಗುವ ಹಾರ್ಡ್ ಡಿಸ್ಕ್.

ಸಾಲುಗಳ ಉದ್ದ ಒಂದೇ ಸಮ ಇಲ್ಲ, ಹಾಗಾಗಿ ಫೈಲಿನೊಳಗೇ ಅದಲುಬದಲು ಮಾಡಲು ಆಗುವುದಿಲ್ಲ. ನಾನು ಒಂದು ಉಪಾಯ ಮಾಡಿದೆ. ಪ್ರತಿ ಸಾಲು ಫೈಲಿನಲ್ಲಿ ಎಲ್ಲಿ ಶುರುವಾಗುತ್ತದೆ ಎನ್ನುವ ಜಾಗದ ಸಂಖ್ಯೆಯನ್ನಷ್ಟೇ ಮೆಮೊರಿಗೆ ತಂದೆ. ಒಂದಕ್ಕೆ 8 ಬೈಟ್, 20 ಕೋಟಿಗೆ 1.6 ಜಿಬಿ. ಆರಾಮವಾಗಿ ಹಿಡಿಸಿತು. ಫೈಲನ್ನು `mmap` ಮಾಡಿ, ಅಂದರೆ ಬೇಕಾದ ಭಾಗ ಮಾತ್ರ ಮೆಮೊರಿಗೆ ಬರುವ ಹಾಗೆ ತೆರೆದು, ಈ ಸಂಖ್ಯೆಗಳ ಮೇಲೆ ಕ್ವಿಕ್‌ಸಾರ್ಟ್ ಓಡಿಸಿದೆ. ಎರಡು ಸಾಲು ಹೋಲಿಸಬೇಕಾದಾಗ ಮಾತ್ರ ಫೈಲನ್ನು ನೋಡುವುದು.

ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು `vmstat 1` ನೋಡಿದರೆ `us` ಕಾಲಂನಲ್ಲಿ 2, 3. `wa` ಕಾಲಂನಲ್ಲಿ 90ರ ಮೇಲೆ. ಅಂದರೆ ಪ್ರೊಸೆಸರ್ ಲೆಕ್ಕ ಮಾಡುತ್ತಿಲ್ಲ, ಡಿಸ್ಕ್ ಯಾವಾಗ ಕೊಡುತ್ತದೆ ಅಂತ ಕಾಯುತ್ತಾ ಕೂತಿದೆ. ಸೆಕೆಂಡಿಗೆ 100 ಎಂಬಿ ಓದಬಲ್ಲ ಡಿಸ್ಕ್ 1 ಎಂಬಿಯನ್ನೂ ಕೊಡುತ್ತಿರಲಿಲ್ಲ. ನಿಮ್ಮ ಪ್ರೋಗ್ರಾಂ ಇಂಥ ಸ್ಥಿತಿಗೆ ಬಂದಿದೆಯಾ ಅಂತ ತಿಳಿಯಲು ಈ ಎರಡು ಕಾಲಂ ನೋಡಿದರೆ ಸಾಕು.

ಆಗಿದ್ದು ಇಷ್ಟು. ಮೊದಲ ಸುತ್ತಿನಲ್ಲಿ ಸಂಖ್ಯೆಗಳು ಫೈಲಿನ ಕ್ರಮದಲ್ಲೇ ಇರುತ್ತವೆ, ಡಿಸ್ಕ್ ನೇರವಾಗಿ ಓದಿಕೊಂಡು ಹೋಗುತ್ತದೆ. ಸುತ್ತು ಹೆಚ್ಚಿದಂತೆ ಸಂಖ್ಯೆಗಳು ಕಲಸಿಹೋಗುತ್ತವೆ. ಪಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಒಂದು ಫೈಲಿನ ಆರಂಭದ ಸಾಲಿಗೆ, ಇನ್ನೊಂದು 30 ಜಿಬಿ ಆಚೆಯ ಸಾಲಿಗೆ ತೋರಿಸುತ್ತಿರುತ್ತದೆ. ಡಿಸ್ಕಿನ ಮುಳ್ಳು ಪ್ರತಿ ಸಲ ಹಾರಬೇಕು. ಒಂದು ಹಾರಾಟಕ್ಕೆ ಸುಮಾರು 10 ಮಿಲಿಸೆಕೆಂಡ್. ಹೋಲಿಕೆಗಳನ್ನೆಲ್ಲ ಬಿಡಿ, ಕೊನೆಯಲ್ಲಿ ಸಾಲುಗಳನ್ನು ಹೊಸ ಕ್ರಮದಲ್ಲಿ ಬರೆಯುವುದಕ್ಕೇ 20 ಕೋಟಿ ಹಾರಾಟ ಬೇಕು. ಲೆಕ್ಕ ಹಾಕಿದರೆ 20 ಲಕ್ಷ ಸೆಕೆಂಡ್, ಅಂದರೆ 23 ದಿನ!

ಇಷ್ಟಾದರೂ ಕ್ವಿಕ್‌ಸಾರ್ಟಿಗೆ ಅನ್ಯಾಯ ಮಾಡಬಾರದು. ಅದು ಡಿಸ್ಕಿನಲ್ಲಿ ಎಲ್ಲೆಂದರಲ್ಲಿ ಹಾರುತ್ತದೆ ಅಂತ ತುಂಬ ಜನ ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಹಾರಿದ್ದು ನನ್ನ ಜಾಗದ ಸಂಖ್ಯೆಗಳ ಉಪಾಯದಿಂದ. ಸಾಲುಗಳನ್ನೇ ಸರಿಸುವುದಾದರೆ, ಒಂದು ಪಿವಟ್ ಹಿಡಿದು ಚಿಕ್ಕದು ಈಚೆ, ದೊಡ್ಡದು ಆಚೆ ಅಂತ ಎರಡು ಫೈಲಿಗೆ ಬರೆಯುತ್ತಾ ಹೋಗಬಹುದು. ಅದು ನೇರ ಓದು, ನೇರ ಬರಹವೇ. ತೊಂದರೆ ಇರುವುದು ಸುತ್ತುಗಳ ಲೆಕ್ಕದಲ್ಲಿ. 40 ಜಿಬಿ ಒಡೆದು 20, ಆಮೇಲೆ 10, 5, 2.5. ಮೆಮೊರಿಗೆ ಹಿಡಿಸುವ ಗಾತ್ರಕ್ಕೆ ಬರಲು ನಾಲ್ಕು ಸುತ್ತು ಬೇಕು. ಪ್ರತಿ ಸುತ್ತಿನಲ್ಲೂ 40 ಜಿಬಿ ಓದಿ 40 ಜಿಬಿ ಬರೆಯಬೇಕು. ಕೊನೆಗೆ ಮೆಮೊರಿಗೆ ತಂದು ಕ್ರಮಕ್ಕೆ ಜೋಡಿಸಿ ಬರೆಯಲು ಇನ್ನೊಂದು ಸಲ. ಒಟ್ಟು 400 ಜಿಬಿ ಓಡಾಟ. ಅದೂ ಪ್ರತಿ ಪಿವಟ್ ಸರಿಯಾಗಿ ನಡುವಿಗೆ ಬಿದ್ದರೆ ಮಾತ್ರ.

ಎರಡರ ಬದಲು ಒಂದೇ ಸಲ ಹದಿನಾಲ್ಕು ಭಾಗ ಮಾಡಿದರೆ ಸುತ್ತು ಕಡಿಮೆಯಾಗುತ್ತದಲ್ವಾ ಅಂತ ನೀವು ಕೇಳಬಹುದು. ಆಗುತ್ತದೆ, ಹಾಗೆ ಮಾಡುವವರೂ ಇದ್ದಾರೆ. ಆದರೆ ಎಲ್ಲೆಲ್ಲಿ ಕತ್ತರಿಸಬೇಕು ಅಂತ ಮೊದಲೇ ಗೊತ್ತಿರಬೇಕು. ನನ್ನ ಫೈಲಿನಲ್ಲಿ ‘ಅ’ದಿಂದ, ‘ಕ’ದಿಂದ ಶುರುವಾಗುವ ಪದಗಳು ರಾಶಿ ರಾಶಿ. ‘ಝ’, ‘ಠ’ ಹುಡುಕಿದರೆ ಸಿಗಬೇಕು. ಸುಮ್ನೆ ಅಕ್ಷರಕ್ಕೊಂದು ಡಬ್ಬ ಇಟ್ಟರೆ ಕೆಲವು ಡಬ್ಬ ಉಕ್ಕಿ ಮೆಮೊರಿಗೆ ಹಿಡಿಸುವುದಿಲ್ಲ, ಕೆಲವು ಖಾಲಿ. ಮೊದಲು ಸ್ಯಾಂಪಲ್ ತೆಗೆದು ಅಂದಾಜು ಮಾಡಿಕೊಳ್ಳಬೇಕು, ಆ ಅಂದಾಜು ತಪ್ಪಿದ ಡಬ್ಬವನ್ನು ಮತ್ತೆ ಒಡೆಯಬೇಕು.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಉತ್ತರ ಇರುವುದು ಇಲ್ಲೇ. ಕ್ವಿಕ್‌ಸಾರ್ಟ್ ಒಡೆಯುವುದು ಸಾಲಿನಲ್ಲಿ ಏನಿದೆ ಎಂದು ನೋಡಿ. ಮರ್ಜ್ ಸಾರ್ಟ್ ಒಡೆಯುವುದು ಬರೀ ಗಾತ್ರ ನೋಡಿ. ಮೊದಲ 3 ಜಿಬಿ ಒಂದು ತುಂಡು, ಮುಂದಿನ 3 ಜಿಬಿ ಇನ್ನೊಂದು ತುಂಡು. ಒಳಗೆ ಯಾವ ಪದ ಇದ್ದರೂ ತುಂಡು ಮೆಮೊರಿಗೆ ಹಿಡಿಸಿಯೇ ಹಿಡಿಸುತ್ತದೆ. ಒಂದೊಂದೇ ತುಂಡನ್ನು ತಂದು ಅದರ ಸಾಲುಗಳನ್ನು ಕ್ರಮಕ್ಕೆ ಜೋಡಿಸಿ ಡಿಸ್ಕಿಗೆ ಬರೆದರೆ 14 ಜೋಡಿಸಿದ ತುಂಡುಗಳು ಸಿಗುತ್ತವೆ. ಆಮೇಲೆ ಹದಿನಾಲ್ಕನ್ನೂ ಒಟ್ಟಿಗೆ ತೆರೆದು, ಪ್ರತಿಯೊಂದರ ಮೇಲಿನ ಸಾಲುಗಳಲ್ಲಿ ಅತಿ ಚಿಕ್ಕದನ್ನು ಬರೆಯುವುದು, ಆ ತುಂಡಿನಿಂದ ಮುಂದಿನ ಸಾಲು ತರುವುದು. ಎರಡು ಸಲ ಓದು, ಎರಡು ಸಲ ಬರಹ, ಒಟ್ಟು 160 ಜಿಬಿ. ಸೆಕೆಂಡಿಗೆ 100 ಎಂಬಿಯಂತೆ ಅರ್ಧ ಗಂಟೆಯೊಳಗಿನ ಡಿಸ್ಕ್ ಕೆಲಸ. ಹೋಲಿಕೆಯ ಸಮಯ ಇದರ ಮೇಲೆ.

ನೀವೇ ಕೋಡ್ ಬರೆಯುವುದಾದರೆ ಒಂದು ಕಡೆ ಎಡವಬಹುದು. ಕೂಡಿಸುವಾಗ 14 ಫೈಲ್ ತೆರೆದಿರುತ್ತವೆ, ಮುಳ್ಳು ಅವುಗಳ ನಡುವೆ ಓಡಾಡಲೇಬೇಕು. ಪ್ರತಿ ಸಲ 4 ಕೆಬಿ ಮಾತ್ರ ಓದಿದರೆ 40 ಜಿಬಿಗೆ ಒಂದು ಕೋಟಿ ಓದು. ಪ್ರತಿ ಓದಿಗೂ ಮುಳ್ಳು ಹಾರಿದರೆ 1 ಲಕ್ಷ ಸೆಕೆಂಡ್, 28 ಗಂಟೆಯ ಹತ್ತಿರ. ಅದೇ ಪ್ರತಿ ತುಂಡಿಗೆ 64 ಎಂಬಿ ಬಫರ್ ಕೊಡಿ, 640 ಓದಿನಲ್ಲಿ ಮುಗಿಯುತ್ತದೆ. ಹಾರಾಟಕ್ಕೆ ಹೋಗುವುದು ಆರೇಳು ಸೆಕೆಂಡ್. 14 ಬಫರ್ ಸೇರಿದರೂ 1 ಜಿಬಿ ದಾಟುವುದಿಲ್ಲ. ಆಪರೇಟಿಂಗ್ ಸಿಸ್ಟಂ ತಾನೇ ಸ್ವಲ್ಪ ಮುಂದಕ್ಕೆ ಓದಿಟ್ಟುಕೊಳ್ಳುತ್ತದೆ, ಹಾಗಾಗಿ 28 ಗಂಟೆ ಪೂರ್ತಿ ಆಗಲಿಕ್ಕಿಲ್ಲ. ಆದರೂ ಅದನ್ನೇ ನಂಬಿ ಕೂರಬೇಡಿ.

ಲಿನಕ್ಸ್ ಇದ್ದರೆ ಕೋಡ್ ಬರೆಯಬೇಕಾಗಿಯೂ ಇಲ್ಲ. ಗ್ನೂ `sort` ಇದನ್ನೆಲ್ಲ ತಾನೇ ಮಾಡುತ್ತದೆ:

```
LC_ALL=C sort -S 5G -T /data/tmp -o vingada.tsv pada.tsv
```

`-S` ಎಂದರೆ ಎಷ್ಟು ಮೆಮೊರಿ ಬಳಸಬಹುದು, `-T` ಎಂದರೆ ತುಂಡುಗಳನ್ನು ಎಲ್ಲಿ ಇಡಬೇಕು. `-T` ಕೊಡದಿದ್ದರೆ ತುಂಡುಗಳು `/tmp`ಗೆ ಹೋಗುತ್ತವೆ. ಅಲ್ಲಿ 40 ಜಿಬಿ ಜಾಗ ಇಲ್ಲದಿದ್ದರೆ ಅರ್ಧ ದಾರಿಯಲ್ಲಿ `No space left on device` ಅಂತ ನಿಲ್ಲುತ್ತದೆ. ಕೆಲವು ಸಿಸ್ಟಂಗಳಲ್ಲಿ `/tmp` ಇರುವುದೇ ಮೆಮೊರಿಯಲ್ಲಿ, ಆಗ ಪಾಡು ಇನ್ನೂ ಕಷ್ಟ.

ನಾನು ಮಾತ್ರ ಈ ಒಂದೇ ಸಾಲನ್ನು ಬಳಸಲಿಲ್ಲ. ಆಗ ಆಟಿ ತಿಂಗಳು. ಗಾಳಿಮಳೆಗೆ ಅಡಿಕೆ ಮರ ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ನಡುವೆ ಕರೆಂಟ್ ಹೋದರೆ `sort` ಮೊದಲಿಂದ ಶುರು ಮಾಡಬೇಕು. ಹಾಗಾಗಿ ಕೆಲಸವನ್ನು ನಾನೇ ಬಿಡಿಸಿಕೊಂಡೆ:

```
split -C 3G -d pada.tsv t_
for f in t_??; do
  LC_ALL=C sort -S 5G -T /data/tmp -o $f.s $f && sync && rm $f
done
LC_ALL=C sort -m -o vingada.tsv t_??.s
```

`-C` ಕೊಟ್ಟರೆ ಸಾಲು ನಡುವೆ ತುಂಡಾಗುವುದಿಲ್ಲ. ಒಂದು ತುಂಡು ಜೋಡಣೆಯಾಗಿ, `sync`ನಿಂದ ಡಿಸ್ಕಿಗೆ ಪೂರ್ತಿ ಇಳಿದ ಮೇಲೆಯೇ ಅದರ ಮೂಲ ಅಳಿಯುತ್ತದೆ. ಹಾಗಾಗಿ ಕರೆಂಟ್ ಬಂದ ಮೇಲೆ `for` ಸಾಲನ್ನೇ ಮತ್ತೆ ಓಡಿಸಿದರೆ ಉಳಿದ ತುಂಡುಗಳಿಂದ ಮುಂದುವರಿಯುತ್ತದೆ. ಒಂಬತ್ತನೆಯ ತುಂಡಿನಲ್ಲಿ ನಿಜವಾಗಿಯೂ ಕರೆಂಟ್ ಹೋಯಿತು, ಕಳೆದುಕೊಂಡದ್ದು ಆ ಒಂದು ತುಂಡಿನ ಕೆಲಸ ಮಾತ್ರ. ಇದಕ್ಕೆ ಬೆಲೆ ಇದೆ. `split`ಗಾಗಿ ಇನ್ನೊಮ್ಮೆ 80 ಜಿಬಿ ಓದುಬರಹ, ಮತ್ತೆ ಮೂಲ, ತುಂಡು, ಫಲಿತಾಂಶ ಸೇರಿ 120 ಜಿಬಿಗೂ ಸ್ವಲ್ಪ ಜಾಸ್ತಿ ಜಾಗ. ನಮ್ಮ ಕಡೆಯ ಮಳೆಗಾಲಕ್ಕೆ ಆ ಬೆಲೆ ಸರಿ ಅಂತ ನನಗೆ ಅನಿಸಿತು.

3 ಜಿಬಿಯ ತುಂಡು ಅಂತ ಸುಮ್ನೆ ಆರಿಸಿದ್ದಲ್ಲ. ಗ್ನೂ `sort` ಒಂದು ಸಲಕ್ಕೆ 16 ಫೈಲ್ ಮಾತ್ರ ಕೂಡಿಸುತ್ತದೆ. 1 ಜಿಬಿಯಂತೆ 40 ತುಂಡು ಮಾಡಿದ್ದರೆ ನಡುವೆ ಒಂದು ಸುತ್ತು ಹೆಚ್ಚುವರಿ ಓದುಬರಹ ಬೀಳುತ್ತಿತ್ತು. ತುಂಡು ಜಾಸ್ತಿ ಇದ್ದರೆ `--batch-size=40` ಅಂತ ಕೊಡಬಹುದು.

`LC_ALL=C` ಬಗ್ಗೆ ಕನ್ನಡದವರು ಗಮನಿಸಬೇಕಾದ್ದು ಒಂದಿದೆ. ಅದು ಬೈಟ್ ನೋಡಿ ಹೋಲಿಸುತ್ತದೆ, ಅದಕ್ಕೇ ವೇಗ. ಕನ್ನಡದ ಪದಗಳೆಲ್ಲ ಮೊದಲು, ಆಮೇಲೆ ಮಲಯಾಳಂ ಪದಗಳು ಬರುತ್ತವೆ, ಯುನಿಕೋಡಿನಲ್ಲಿ ಅವುಗಳ ಕ್ರಮ ಹಾಗೇ ಇದೆ. ಆದರೆ ಯುನಿಕೋಡಿನಲ್ಲಿ ‘ಳ’ ಇರುವುದು ‘ಲ’ ಆದ ಕೂಡಲೇ, ‘ವ’ಕ್ಕಿಂತ ಮೊದಲು. ನಮ್ಮ ನಿಘಂಟುಗಳಲ್ಲಿ ಅದು ‘ಹ’ ಆದ ಮೇಲೆ. ಹಾಗಾಗಿ ‘ಕವನ’ಕ್ಕಿಂತ ‘ಕಳಸ’ ಮೊದಲು ಬಂದು ಕೂರುತ್ತದೆ. ಹುಡುಕಲು ಇದರಿಂದ ತೊಂದರೆ ಇಲ್ಲ. ಅಚ್ಚು ಹಾಕುವುದಾದರೆ ಬೇರೆ ಕ್ರಮ ಬೇಕು. ಯಾವುದನ್ನೇ ಬಳಸಿ, ತುಂಡು ಜೋಡಿಸುವಾಗ ಒಂದು, `-m` ಮಾಡುವಾಗ ಇನ್ನೊಂದು ಆಗಬಾರದು. `-m` ತುಂಡುಗಳು ಜೋಡಣೆಯಾಗಿವೆ ಅಂತ ನಂಬಿಕೊಂಡು ಮುಂದೆ ಹೋಗುತ್ತದೆ, ತಪ್ಪಿದ್ದರೂ ಹೇಳುವುದಿಲ್ಲ.

ನೀವು ಕಾಲೇಜಿನಲ್ಲಿ ಕಲಿತದ್ದೂ ತಪ್ಪಲ್ಲ. ಮೆಮೊರಿಯೊಳಗೆ ಬಂದ ತುಂಡನ್ನು ಜೋಡಿಸಲು ಕ್ವಿಕ್‌ಸಾರ್ಟ್ ತುಂಬ ಒಳ್ಳೆಯದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ `EXPLAIN ANALYZE` ಕೊಟ್ಟು ನೋಡಿ. ಸಣ್ಣ ಟೇಬಲ್ ಆದರೆ `Sort Method: quicksort` ಅಂತ ಕಾಣುತ್ತದೆ, `work_mem` ಎಂಬ ಮೆಮೊರಿ ಮಿತಿ ದಾಟಿದರೆ `Sort Method: external merge` ಅಂತ ಬದಲಾಗುತ್ತದೆ. ನಿಮ್ಮದು ಎಸ್‌ಎಸ್‌ಡಿ ಆದರೆ ನನ್ನ 23 ದಿನದ ಲೆಕ್ಕ ಐದಾರು ಗಂಟೆಗೆ ಇಳಿಯಬಹುದು, ಒಂದು ಬಿಡಿ ಓದಿಗೆ 0.1 ಮಿಲಿಸೆಕೆಂಡ್ ಹಿಡಿದರೆ. ಆದರೆ ಅದೇ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಕೊಟ್ಟರೆ 160 ಜಿಬಿಯ ನೇರ ಓದುಬರಹ ಐದಾರು ನಿಮಿಷದ್ದು.

ಮುಗಿದ ಮೇಲೆ ಮೂಲ ಫೈಲ್ ಅಳಿಸುವ ಮೊದಲು `LC_ALL=C sort -c vingada.tsv` ಓಡಿಸಿ. ಕ್ರಮ ಸರಿ ಇದ್ದರೆ ಏನೂ ಹೇಳದೆ ಸುಮ್ಮನಾಗುತ್ತದೆ, ಇಲ್ಲದಿದ್ದರೆ ತಪ್ಪಿದ ಮೊದಲ ಸಾಲನ್ನು ತೋರಿಸುತ್ತದೆ. ಜೊತೆಗೆ ಎರಡೂ ಫೈಲಿಗೆ `wc -l` ಹಾಕಿ, ಸಾಲುಗಳ ಸಂಖ್ಯೆ ಒಂದೇ ಬರಬೇಕು.